ಸೂಪರ್ ಮಾರ್ಕೆಟ್ ಸದಸ್ಯತ್ವ ಶುಲ್ಕ, ಅಂಕಗಳ ಕಾರ್ಡ್ ಮತ್ತು ಕೂಪನ್ ಯೋಜನೆಗಳು: ಕುಟುಂಬಕ್ಕೆ ಆಗುವ ಲಾಭ-ನಷ್ಟವನ್ನು ಲೆಕ್ಕ ಹಾಕುವ ವಿಧಾನ

ದಿನಸಿ ಹಾಗೂ ಗೃಹೋಪಯೋಗಿ ವಸ್ತುಗಳನ್ನು ಮಾರಾಟ ಮಾಡುವ ಸೂಪರ್ ಮಾರ್ಕೆಟ್‌ಗಳು ಗ್ರಾಹಕರನ್ನು ತಮ್ಮಲ್ಲಿಯೇ ಉಳಿಸಿಕೊಳ್ಳುವ ಸಲುವಾಗಿ ಹಲವು ಯೋಜನೆಗಳನ್ನು ಜಾರಿಯಲ್ಲಿಟ್ಟಿರುತ್ತವೆ. ಇವು ಸ್ಥೂಲವಾಗಿ ಮೂರು ಬಗೆಯವು. ಮೊದಲನೆಯದು, ವರ್ಷಕ್ಕೆ ಅಥವಾ ಕೆಲವು ತಿಂಗಳುಗಳಿಗೆ ಇಂತಿಷ್ಟು ಎಂದು ಶುಲ್ಕ ಪಡೆದು ಸದಸ್ಯರಿಗೆ ಪ್ರತ್ಯೇಕ ರಿಯಾಯಿತಿ ನೀಡುವುದು. ಎರಡನೆಯದು, ಶುಲ್ಕವಿಲ್ಲದೆ ಕಾರ್ಡ್ ನೀಡಿ ಅಥವಾ ಮೊಬೈಲ್ ಸಂಖ್ಯೆ ನೋಂದಾಯಿಸಿಕೊಂಡು ಖರೀದಿಗೆ ತಕ್ಕಂತೆ ಅಂಕಗಳನ್ನು ಜಮಾ ಮಾಡುವುದು. ಮೂರನೆಯದು, ನಿಗದಿತ ಮೊತ್ತದ ಖರೀದಿಗೆ ಮುಂದಿನ ಬಾರಿ ಬಳಸಬಹುದಾದ ಕೂಪನ್ ನೀಡುವುದು. ಈ ಮೂರರಲ್ಲಿ ಕುಟುಂಬವು ಹಣವನ್ನು ಮುಂಗಡವಾಗಿ ತೆರುವುದು ಮೊದಲನೆಯದರಲ್ಲಿ ಮಾತ್ರ. ಆದಕಾರಣ ಅದರ ಲೆಕ್ಕವನ್ನು ಇಲ್ಲಿ ವಿಸ್ತಾರವಾಗಿ ವಿವರಿಸಲಾಗಿದ್ದು, ಉಳಿದೆರಡನ್ನು ಅಗತ್ಯವಿರುವಷ್ಟು ಮಾತ್ರ ಪ್ರಸ್ತಾಪಿಸಲಾಗಿದೆ.

ಉಳಿತಾಯವನ್ನು ಯಾವ ಬೆಲೆಯಿಂದ ಅಳೆಯಬೇಕು

ಪೊಟ್ಟಣದ ಮೇಲೆ ಮುದ್ರಿತವಾಗಿರುವ ಗರಿಷ್ಠ ಚಿಲ್ಲರೆ ಮಾರಾಟ ಬೆಲೆಯು (ಎಂ.ಆರ್.ಪಿ.) ಎಲ್ಲಾ ತೆರಿಗೆಗಳನ್ನು ಒಳಗೊಂಡ ಬೆಲೆಯಾಗಿರುತ್ತದೆ. ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ. ಕಡಿಮೆಗೆ ಮಾರಲು ಯಾವ ಅಡ್ಡಿಯೂ ಇಲ್ಲ. ಬೀದಿ ಮೂಲೆಯ ದಿನಸಿ ಅಂಗಡಿಯವರೂ ಖಾಯಂ ಗಿರಾಕಿಗಳಿಗೆ ಈ ಬೆಲೆಯಲ್ಲಿ ಒಂದೆರಡು ರೂಪಾಯಿ ಬಿಡುವುದುಂಟು. ಕಾರ್ಡ್ ಕೇಳದೆಯೇ ಎಲ್ಲಾ ಗ್ರಾಹಕರಿಗೂ ಕಡಿಮೆ ದರದಲ್ಲಿ ಮಾರುವ ದೊಡ್ಡ ಮಳಿಗೆಗಳೂ ಇವೆ. ಹೀಗಿರುವಾಗ ಎಂ.ಆರ್.ಪಿ. ಎಂಬುದು ಬೆಲೆಯ ಮೇಲ್ಮಿತಿಯೇ ಹೊರತು ಕುಟುಂಬವು ವಾಸ್ತವವಾಗಿ ತೆರುತ್ತಿದ್ದ ಬೆಲೆಯಲ್ಲ.

ಸೂಪರ್ ಮಾರ್ಕೆಟ್‌ನ ಬಿಲ್ಲಿನ ಕೊನೆಯಲ್ಲಿ "ಇಂದು ನೀವು ಉಳಿಸಿದ್ದು" ಎಂದು ಮುದ್ರಿತವಾಗುವ ಮೊತ್ತವನ್ನು ಸಾಮಾನ್ಯವಾಗಿ ಈ ಮೇಲ್ಮಿತಿಯಿಂದಲೇ ಲೆಕ್ಕ ಹಾಕಲಾಗಿರುತ್ತದೆ. ಆ ಮೊತ್ತದಲ್ಲಿ ಸದಸ್ಯರಲ್ಲದವರಿಗೂ ದೊರೆಯುವ ರಿಯಾಯಿತಿ ಸೇರಿರುತ್ತದೆ. ಮನೆಯ ಪಕ್ಕದ ಅಂಗಡಿಯಲ್ಲೂ ದೊರೆಯುತ್ತಿದ್ದ ರಿಯಾಯಿತಿಯೂ ಸೇರಿರುತ್ತದೆ. ಅಷ್ಟೇ ಅಲ್ಲ, ಕುಟುಂಬಕ್ಕೆ ಬೇಕಿಲ್ಲದಿದ್ದರೂ ಅಗ್ಗವೆಂದು ಕೊಂಡ ವಸ್ತುವಿನ ರಿಯಾಯಿತಿಯೂ ಅದರಲ್ಲಿ ಸೇರಿರುತ್ತದೆ. ವರ್ಷದ ಕೊನೆಗೆ ಮೊಬೈಲ್ ಆಪ್‌ನಲ್ಲಿ ಕಾಣಿಸುವ ಒಟ್ಟು ಉಳಿತಾಯದ ಅಂಕಿಯೂ ಬಹುಮಟ್ಟಿಗೆ ಇದೇ ಬಗೆಯದು. ಸದಸ್ಯತ್ವವನ್ನು ನವೀಕರಿಸಬೇಕೇ ಬೇಡವೇ ಎಂಬುದನ್ನು ಈ ಅಂಕಿಯ ಆಧಾರದ ಮೇಲೆ ತೀರ್ಮಾನಿಸುವುದು ಸೂಕ್ತವಲ್ಲ.

ಅಳೆಯಬೇಕಾದದ್ದು ಇಷ್ಟೇ: ಅದೇ ವಸ್ತುಗಳನ್ನು, ಅದೇ ಪ್ರಮಾಣದಲ್ಲಿ, ಸದಸ್ಯತ್ವ ಇಲ್ಲದಿದ್ದರೆ ಕುಟುಂಬವು ಎಲ್ಲಿ ಎಷ್ಟಕ್ಕೆ ಕೊಳ್ಳುತ್ತಿತ್ತು; ಸದಸ್ಯತ್ವದಿಂದ ಈಗ ಎಷ್ಟಕ್ಕೆ ದೊರೆಯುತ್ತದೆ. ಈ ಎರಡರ ನಡುವಿನ ವ್ಯತ್ಯಾಸವೇ ನಿಜವಾದ ಉಳಿತಾಯ. ಅದು ವರ್ಷದ ಶುಲ್ಕವನ್ನು ಮೀರಿದರೆ ಮಾತ್ರ ಶುಲ್ಕ ಹಿಂದಿರುಗಿ ಬಂದಂತೆ.

ಶುಲ್ಕದ ಪೂರ್ಣ ಮೊತ್ತ ಮತ್ತು ಷರತ್ತುಗಳು

ಲೆಕ್ಕ ಆರಂಭಿಸುವ ಮುನ್ನ ಯೋಜನೆಯ ಷರತ್ತುಗಳಲ್ಲಿ ನಾಲ್ಕು ವಿಷಯಗಳನ್ನು ಹುಡುಕಿ ಬರೆದಿಟ್ಟುಕೊಳ್ಳುವುದು ಅಗತ್ಯ. ಶುಲ್ಕದಲ್ಲಿ ತೆರಿಗೆ ಸೇರಿದೆಯೇ, ರಿಯಾಯಿತಿ ಯಾವ ವಸ್ತುಗಳಿಗೆ ಅನ್ವಯಿಸುವುದಿಲ್ಲ, ತಿಂಗಳಿಗೆ ಗರಿಷ್ಠ ಎಷ್ಟು ರಿಯಾಯಿತಿ ದೊರೆಯುತ್ತದೆ, ಅವಧಿ ಮುಗಿದಾಗ ಸದಸ್ಯತ್ವವು ತಾನಾಗಿಯೇ ನವೀಕರಣಗೊಳ್ಳುತ್ತದೆಯೇ ಎಂಬುವೇ ಆ ನಾಲ್ಕು.

ಶುಲ್ಕವನ್ನು "999 ರೂಪಾಯಿ ಮತ್ತು ತೆರಿಗೆ" ಎಂದು ನಮೂದಿಸಿದ್ದಲ್ಲಿ ಶೇಕಡಾ 18ರಷ್ಟು ಜಿ.ಎಸ್.ಟಿ. ಸೇರಿ ಗ್ರಾಹಕರು ತೆರುವುದು ಸುಮಾರು 1,179 ರೂಪಾಯಿ. ಲೆಕ್ಕದಲ್ಲಿ ಹಿಡಿಯಬೇಕಾದದ್ದು ಇದೇ ಮೊತ್ತವನ್ನು.

ರಿಯಾಯಿತಿ ಅನ್ವಯಿಸದ ವಸ್ತುಗಳ ಪಟ್ಟಿಯು ಬಹುತೇಕ ಯೋಜನೆಗಳಲ್ಲಿ ಸಣ್ಣ ಅಕ್ಷರಗಳಲ್ಲಿರುತ್ತದೆ. ಓದಬೇಕಾದ ಭಾಗವೂ ಅದೇ. ವ್ಯಾಪಾರಿಗೆ ಲಾಭಾಂಶ ತೀರಾ ಕಡಿಮೆ ಇರುವ ಹಾಲು, ಅಡುಗೆ ಎಣ್ಣೆ, ಸಕ್ಕರೆ, ಅಕ್ಕಿ ಮುಂತಾದವನ್ನು ಹೊರಗಿಡುವುದು ರೂಢಿ. ಈಗಾಗಲೇ ಬೇರೆ ರಿಯಾಯಿತಿಯಲ್ಲಿ ಮಾರಾಟವಾಗುತ್ತಿರುವ ವಸ್ತುಗಳಿಗೆ ಸದಸ್ಯರ ರಿಯಾಯಿತಿ ಸೇರುವುದಿಲ್ಲವೆಂಬ ಷರತ್ತೂ ಸಾಮಾನ್ಯ. ಸಂಸಾರದ ಖರ್ಚಿನಲ್ಲಿ ದೊಡ್ಡ ಪಾಲು ಹೀಗೆ ಹೊರಗುಳಿಯುವ ವಸ್ತುಗಳಿಗೇ ಹೋಗುತ್ತದೆ ಎಂಬುದನ್ನು ಮುಂದಿನ ಉದಾಹರಣೆಯಲ್ಲಿ ಕಾಣಬಹುದು.

ಒಂದು ಕುಟುಂಬದ ಲೆಕ್ಕ

ಮೈಸೂರಿನಲ್ಲಿ ವಾಸಿಸುವ ನಾಲ್ಕು ಜನರ ಕುಟುಂಬವೊಂದನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಅಡುಗೆ ಮತ್ತು ಮನೆಬಳಕೆಯ ವಸ್ತುಗಳಿಗೆ ಈ ಕುಟುಂಬದ ತಿಂಗಳ ಖರ್ಚು 12,000 ರೂಪಾಯಿ. ಸಮೀಪದ ಸೂಪರ್ ಮಾರ್ಕೆಟ್ ಒಂದು, ತೆರಿಗೆ ಸೇರಿ 1,179 ರೂಪಾಯಿಯ ವಾರ್ಷಿಕ ಶುಲ್ಕಕ್ಕೆ ಶೇಕಡಾ 5ರ ರಿಯಾಯಿತಿ ನೀಡುವುದಾಗಿಯೂ, ಈ ರಿಯಾಯಿತಿ ತಿಂಗಳಿಗೆ 250 ರೂಪಾಯಿಗಳನ್ನು ಮೀರತಕ್ಕದ್ದಲ್ಲವೆಂದೂ ಪ್ರಕಟಿಸಿದೆ ಎಂದಿಟ್ಟುಕೊಳ್ಳೋಣ. ಹಾಲು, ಎಣ್ಣೆ, ಸಕ್ಕರೆ, ಬೆಲ್ಲ, ಅಕ್ಕಿ, ಬೇಳೆ ಮತ್ತು ಹಿಟ್ಟುಗಳಿಗೆ ಹಾಗೂ ಬೇರೆ ರಿಯಾಯಿತಿಯಲ್ಲಿರುವ ವಸ್ತುಗಳಿಗೆ ಇದು ಅನ್ವಯಿಸುವುದಿಲ್ಲ.

ಮಳಿಗೆಯ ಕೌಂಟರಿನಲ್ಲಿ ಹೇಳುವ ಲೆಕ್ಕ ಸರಳವಾಗಿರುತ್ತದೆ. 12,000ಕ್ಕೆ ಶೇಕಡಾ 5 ಎಂದರೆ 600 ರೂಪಾಯಿ. ಎರಡೇ ತಿಂಗಳಲ್ಲಿ ಶುಲ್ಕ ಹಿಂದಿರುಗುತ್ತದೆ. ಮಿತಿ 250 ರೂಪಾಯಿ ಎಂದು ನೆನಪಿಸಿದರೆ, ಐದು ತಿಂಗಳಲ್ಲಿ ಹಿಂದಿರುಗುತ್ತದೆ ಎಂಬ ಉತ್ತರ ಬರುತ್ತದೆ.

ಕುಟುಂಬದ ಖರ್ಚನ್ನು ಬಿಡಿಸಿ ನೋಡಿದಾಗ ಚಿತ್ರ ಬೇರೆಯಾಗುತ್ತದೆ. ಹಾಲು ಮೊಸರಿಗೆ 2,400 ರೂಪಾಯಿ. ಇದನ್ನು ಬೆಳಿಗ್ಗೆ ನಂದಿನಿ ಬೂತಿನಿಂದ ತರಲಾಗುತ್ತದೆ. ತರಕಾರಿ ಮತ್ತು ಹಣ್ಣಿಗೆ 2,600 ರೂಪಾಯಿ. ಇವನ್ನು ಮಾರುಕಟ್ಟೆಯಿಂದ ತರಲಾಗುತ್ತದೆ. ಸೂಪರ್ ಮಾರ್ಕೆಟ್‌ನ ತರಕಾರಿಗೆ ರಿಯಾಯಿತಿ ಇದ್ದರೂ ದರ ಮಾರುಕಟ್ಟೆಗಿಂತ ಹೆಚ್ಚಾಗಿರುವುದರಿಂದ ಅಲ್ಲಿ ಕೊಳ್ಳುವ ಉದ್ದೇಶ ಕುಟುಂಬಕ್ಕಿಲ್ಲ. ಅಕ್ಕಿ, ಬೇಳೆ, ಹಿಟ್ಟುಗಳಿಗೆ 3,000 ಮತ್ತು ಎಣ್ಣೆ, ಸಕ್ಕರೆ, ಬೆಲ್ಲಕ್ಕೆ 1,400 ರೂಪಾಯಿ. ಇವು ಯೋಜನೆಯಿಂದಲೇ ಹೊರಗಿವೆ. ಉಳಿಯುವುದು ಕಾಫಿಪುಡಿ, ಚಹಾ, ಮಸಾಲೆ ಪುಡಿ, ಬಿಸ್ಕತ್ತು, ಸಾಬೂನು, ಬಟ್ಟೆ ತೊಳೆಯುವ ಪುಡಿ, ಟೂತ್‌ಪೇಸ್ಟ್ ಮುಂತಾದ ಪೊಟ್ಟಣದ ಸಾಮಾನುಗಳಿಗೆ ತಗಲುವ 2,600 ರೂಪಾಯಿ. ಇದರಲ್ಲಿಯೂ ತಿಂಗಳಿಗೆ ಸುಮಾರು 600 ರೂಪಾಯಿಯ ವಸ್ತುಗಳು ಒಂದಲ್ಲ ಒಂದು ರಿಯಾಯಿತಿಯಲ್ಲಿ ಎಲ್ಲರಿಗೂ ದೊರೆಯುವುದರಿಂದ ಸದಸ್ಯರ ರಿಯಾಯಿತಿ ಅವಕ್ಕೆ ಸೇರುವುದಿಲ್ಲ. ಹೀಗೆ 12,000 ರೂಪಾಯಿಯ ಖರ್ಚಿನಲ್ಲಿ ಯೋಜನೆಗೆ ಒಳಪಡುವುದು 2,000 ರೂಪಾಯಿ ಮಾತ್ರ.

2,000ಕ್ಕೆ ಶೇಕಡಾ 5ರಂತೆ ತಿಂಗಳಿಗೆ 100 ರೂಪಾಯಿ, ವರ್ಷಕ್ಕೆ 1,200 ರೂಪಾಯಿ. ಶುಲ್ಕ ಕಳೆದರೆ ಉಳಿಯುವುದು 21 ರೂಪಾಯಿ. ಲೆಕ್ಕ ಇಲ್ಲಿಗೇ ನಿಂತರೂ ಲಾಭವೆಂದು ಹೇಳಿಕೊಳ್ಳುವಂತಹದ್ದು ಇದರಲ್ಲಿ ಇಲ್ಲ.

ಆದರೆ ಇನ್ನೊಂದು ಅಂಶ ಬಾಕಿ ಇದೆ. ಈ ಕುಟುಂಬವು ಇದುವರೆಗೆ ಪೊಟ್ಟಣದ ಸಾಮಾನುಗಳನ್ನು ಮನೆಯ ಹತ್ತಿರದ ದಿನಸಿ ಅಂಗಡಿಯಲ್ಲಿ ಕೊಳ್ಳುತ್ತಿತ್ತು. ಎಂ.ಆರ್.ಪಿ. ಲೆಕ್ಕದಲ್ಲಿ 2,000 ರೂಪಾಯಿ ಆಗುವ ಸಾಮಾನಿಗೆ ಅಂಗಡಿಯವರು 1,940 ರೂಪಾಯಿ ಪಡೆಯುತ್ತಿದ್ದರು, ಅಂದರೆ ಶೇಕಡಾ 3ರಷ್ಟು ಬಿಡುತ್ತಿದ್ದರು. ಸೂಪರ್ ಮಾರ್ಕೆಟ್ ಈ ವಸ್ತುಗಳನ್ನು ಎಂ.ಆರ್.ಪಿ.ಗೇ ಮಾರುತ್ತಿದ್ದು, ಸದಸ್ಯರಿಗೆ ಶೇಕಡಾ 5 ಕಳೆದು 1,900 ರೂಪಾಯಿಗೆ ನೀಡುತ್ತದೆ. ಎರಡಕ್ಕೂ ಇರುವ ನಿಜವಾದ ವ್ಯತ್ಯಾಸ 40 ರೂಪಾಯಿ, ಅಂದರೆ ಶೇಕಡಾ 2. ವರ್ಷಕ್ಕೆ 480 ರೂಪಾಯಿ ಉಳಿಸಲು ಕುಟುಂಬವು 1,179 ರೂಪಾಯಿ ಶುಲ್ಕ ತೆರುತ್ತದೆ. ನಷ್ಟ 699 ರೂಪಾಯಿ. ಇಷ್ಟಾಗಿಯೂ ಬಿಲ್ಲುಗಳಲ್ಲಿ ಮಾತ್ರ ವರ್ಷಕ್ಕೆ 1,200 ರೂಪಾಯಿಯ ಉಳಿತಾಯವೆಂದೇ ಮುದ್ರಿತವಾಗಿರುತ್ತದೆ.

ಓಡಾಟದ ಖರ್ಚನ್ನು ಇದುವರೆಗೆ ಸೇರಿಸಿಲ್ಲ. ಸೂಪರ್ ಮಾರ್ಕೆಟ್ ಮನೆಯಿಂದ 4 ಕಿಲೋಮೀಟರ್ ದೂರದಲ್ಲಿದ್ದು, ದ್ವಿಚಕ್ರ ವಾಹನವು ಲೀಟರಿಗೆ 45 ಕಿಲೋಮೀಟರ್ ಓಡುತ್ತದೆಂದೂ, ಪೆಟ್ರೋಲ್ ಲೀಟರಿಗೆ 103 ರೂಪಾಯಿಯೆಂದೂ ಹಿಡಿದರೆ ಒಮ್ಮೆ ಹೋಗಿ ಬರಲು ಸುಮಾರು 18 ರೂಪಾಯಿ ತಗಲುತ್ತದೆ. ಈ ಖರೀದಿಗೆಂದೇ ತಿಂಗಳಿಗೆ ಎರಡು ಬಾರಿ ಹೋದರೆ ಉಳಿಸಿದ 40 ರೂಪಾಯಿಯಲ್ಲಿ 36 ರೂಪಾಯಿ ಪೆಟ್ರೋಲಿಗೇ ಹೋಗುತ್ತದೆ. ಕೆಲಸದಿಂದ ಹಿಂದಿರುಗುವ ದಾರಿಯಲ್ಲಿಯೇ ಮಳಿಗೆ ಇದ್ದರೆ ಈ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಹತ್ತಿರದ ಅಂಗಡಿಯವರು ತಿಂಗಳ ಕೊನೆಯವರೆಗೆ ಬಡ್ಡಿಯಿಲ್ಲದೆ ಉದ್ರಿ ಬರೆದುಕೊಳ್ಳುವ ಅನುಕೂಲಕ್ಕೆ ಬೆಲೆ ಕಟ್ಟುವುದು ಕಷ್ಟ. ಆದರೆ ಸಂಬಳದ ದಿನವನ್ನೇ ಕಾಯುವ ಕುಟುಂಬಗಳು ಅದನ್ನೂ ತೂಗಿ ನೋಡುವುದು ಒಳ್ಳೆಯದು.

ಶುಲ್ಕ ಹಿಂದಿರುಗುವ ಮಟ್ಟ

ಶುಲ್ಕ ಹಿಂದಿರುಗಲು ತಿಂಗಳಿಗೆ ಎಷ್ಟು ಖರೀದಿ ಬೇಕೆಂಬುದನ್ನು ತಿಳಿಯುವ ವಿಧಾನ ಕಠಿಣವಲ್ಲ. ವರ್ಷದ ಶುಲ್ಕವನ್ನು 12ರಿಂದ ಭಾಗಿಸಿ, ಬಂದ ಮೊತ್ತವನ್ನು 100ರಿಂದ ಗುಣಿಸಿ, ನಿಜವಾದ ವ್ಯತ್ಯಾಸದ ಶೇಕಡಾವಾರಿನಿಂದ ಭಾಗಿಸಬೇಕು. ಮೇಲಿನ ಉದಾಹರಣೆಯಲ್ಲಿ ತಿಂಗಳ ಪಾಲಿನ ಶುಲ್ಕ 98 ರೂಪಾಯಿ 25 ಪೈಸೆ. ಜಾಹೀರಾತಿನ ಶೇಕಡಾ 5ನ್ನು ಹಿಡಿದರೆ ಬೇಕಾಗುವ ಖರೀದಿ ತಿಂಗಳಿಗೆ 1,965 ರೂಪಾಯಿ. ನಿಜವಾದ ಶೇಕಡಾ 2ನ್ನು ಹಿಡಿದರೆ ಅದು ಸುಮಾರು 4,912 ರೂಪಾಯಿಗೆ ಏರುತ್ತದೆ. ಎರಡೂ ಅಂಕಿಗಳು ರಿಯಾಯಿತಿಗೆ ಒಳಪಡುವ ವಸ್ತುಗಳ ಖರೀದಿಗೆ ಸಂಬಂಧಿಸಿದವು, ಮನೆಯ ಒಟ್ಟು ಖರ್ಚಿಗಲ್ಲ.

ಇಲ್ಲಿ ತಿಂಗಳ ಮಿತಿಯ ಮಹತ್ವ ತಿಳಿದುಬರುತ್ತದೆ. 250 ರೂಪಾಯಿಯ ಮಿತಿ ಎಂದರೆ 5,000 ರೂಪಾಯಿಯ ಖರೀದಿಯವರೆಗೆ ಮಾತ್ರ ರಿಯಾಯಿತಿ. ಶುಲ್ಕ ಹಿಂದಿರುಗುವುದು 4,912 ರೂಪಾಯಿಯಲ್ಲಿ. ಅಂದರೆ, ಹತ್ತಿರದ ಅಂಗಡಿಯಲ್ಲಿ ಶೇಕಡಾ 3 ಬಿಟ್ಟು ಕೊಡುವ ಪರಿಸ್ಥಿತಿಯಲ್ಲಿರುವ ಯಾವ ಕುಟುಂಬವೂ, ಅದು ಎಷ್ಟೇ ದೊಡ್ಡ ಅವಿಭಕ್ತ ಕುಟುಂಬವಾಗಿದ್ದರೂ, ಈ ಯೋಜನೆಯಿಂದ ಪಡೆಯಬಹುದಾದ ಗರಿಷ್ಠ ಲಾಭ ವರ್ಷಕ್ಕೆ 21 ರೂಪಾಯಿ. ಪ್ರತಿ ತಿಂಗಳೂ ಸರಿಯಾಗಿ 5,000 ರೂಪಾಯಿಗೆ ಕೊಂಡು, ಮಿಕ್ಕಿದ್ದನ್ನು ಹಳೆಯ ಅಂಗಡಿಯಲ್ಲಿ ಕೊಂಡಾಗ ಮಾತ್ರ ಇದು ಸಾಧ್ಯ. ತಿಂಗಳಿಗೆ 7,000 ರೂಪಾಯಿಯ ಸಾಮಾನನ್ನೆಲ್ಲಾ ಸೂಪರ್ ಮಾರ್ಕೆಟ್‌ನಲ್ಲಿಯೇ ಕೊಂಡರೆ ದೊರೆಯುವುದು 250 ರೂಪಾಯಿ. ಹಳೆಯ ಅಂಗಡಿಯವರು ಅದೇ ಸಾಮಾನಿಗೆ 210 ರೂಪಾಯಿ ಬಿಡುತ್ತಿದ್ದರು. ವ್ಯತ್ಯಾಸ ಮತ್ತೆ 40 ರೂಪಾಯಿಗೇ ಇಳಿಯುತ್ತದೆ.

ಇದೇ ಯೋಜನೆ ಬೇರೊಂದು ಕುಟುಂಬಕ್ಕೆ ಅನುಕೂಲಕರವಾಗಿರಬಹುದು. ಹೊಸ ಬಡಾವಣೆಯೊಂದರಲ್ಲಿ ವಾಸಿಸುವ ಕುಟುಂಬಕ್ಕೆ ಸಮೀಪದಲ್ಲಿರುವ ಏಕೈಕ ಅಂಗಡಿಯು ಎಲ್ಲವನ್ನೂ ಎಂ.ಆರ್.ಪಿ.ಗೇ ಮಾರುತ್ತಿದ್ದರೆ ನಿಜವಾದ ವ್ಯತ್ಯಾಸ ಪೂರ್ತಿ ಶೇಕಡಾ 5 ಆಗುತ್ತದೆ. ಅಂತಹ ಕುಟುಂಬವು ತಿಂಗಳಿಗೆ 5,000 ರೂಪಾಯಿಯ ಅರ್ಹ ವಸ್ತುಗಳನ್ನು ಕೊಂಡರೆ ವರ್ಷಕ್ಕೆ 3,000 ರೂಪಾಯಿ ಉಳಿದು, ಶುಲ್ಕ ಕಳೆದು 1,821 ರೂಪಾಯಿ ಲಾಭವಾಗುತ್ತದೆ. ಯೋಜನೆಯ ಗುಣಾವಗುಣ ಕಾರ್ಡಿನಲ್ಲಿಲ್ಲ, ಮನೆಯ ಪಕ್ಕದ ಅಂಗಡಿಯ ದರದಲ್ಲಿದೆ. ನೆರೆಮನೆಯವರಿಗೆ ಲಾಭವಾಯಿತೆಂಬ ಮಾತು ಬೇರೆ ಬಡಾವಣೆಯ ಬಂಧುಗಳಿಗೆ ಅನ್ವಯಿಸದಿರುವುದು ಇದೇ ಕಾರಣಕ್ಕೆ.

ಲೆಕ್ಕಕ್ಕೆ ಬೇಕಾದ ಮಾಹಿತಿಯನ್ನು ಸಂಗ್ರಹಿಸುವುದು

ಸದಸ್ಯತ್ವ ಪಡೆಯುವ ಮುನ್ನ ಎರಡು ಅಥವಾ ಮೂರು ತಿಂಗಳ ಬಿಲ್ಲುಗಳನ್ನು ಎತ್ತಿಡುವುದು ಸಾಕಾಗುತ್ತದೆ. ಹಬ್ಬದ ತಿಂಗಳ ಬಿಲ್ಲುಗಳಿಂದ ವರ್ಷದ ಅಂದಾಜು ಮಾಡಬಾರದು. ದಸರಾ, ದೀಪಾವಳಿಯ ಖರೀದಿ ಉಳಿದ ತಿಂಗಳುಗಳಿಗಿಂತ ಹೆಚ್ಚಿರುತ್ತದೆ. ಬಿಲ್ಲುಗಳಲ್ಲಿ ಯೋಜನೆಗೆ ಒಳಪಡದ ವಸ್ತುಗಳನ್ನು ಹೊಡೆದುಹಾಕಿ, ಉಳಿದವನ್ನು ಕೂಡಿಸಿ, ತಿಂಗಳ ಸರಾಸರಿ ತೆಗೆಯಬೇಕು. ಬಳಿಕ ಕುಟುಂಬವು ಪ್ರತಿ ತಿಂಗಳೂ ತಪ್ಪದೆ ಕೊಳ್ಳುವ ಹತ್ತು ವಸ್ತುಗಳನ್ನು ಆರಿಸಿ, ಅದೇ ಕಂಪನಿಯ ಅದೇ ತೂಕದ ಪೊಟ್ಟಣಕ್ಕೆ ಎರಡೂ ಕಡೆ ತೆರಬೇಕಾಗುವ ಬೆಲೆಯನ್ನು ಬರೆದುಕೊಳ್ಳಬೇಕು. ನೂರು ವಸ್ತುಗಳ ದರ ಹೋಲಿಸುವ ಅಗತ್ಯವಿಲ್ಲ. ಈ ಹತ್ತರಿಂದ ದೊರೆಯುವ ಶೇಕಡಾವಾರು ತೀರ್ಮಾನಕ್ಕೆ ಸಾಕು.

ತೂಕ ಒಂದೇ ಆಗಿರಬೇಕೆಂಬುದು ಮುಖ್ಯ. ಸೂಪರ್ ಮಾರ್ಕೆಟ್‌ಗಳಲ್ಲಿ ದೊರೆಯುವ ಪೊಟ್ಟಣದ ಗಾತ್ರಗಳು ಬೀದಿಯ ಅಂಗಡಿಯಲ್ಲಿ ದೊರೆಯುವ ಗಾತ್ರಗಳಿಗಿಂತ ಹಲವು ಬಾರಿ ಬೇರೆಯಾಗಿರುತ್ತವೆ. 175 ಗ್ರಾಂ ಪೊಟ್ಟಣಕ್ಕೆ 84 ರೂಪಾಯಿ, 200 ಗ್ರಾಂ ಪೊಟ್ಟಣಕ್ಕೆ 90 ರೂಪಾಯಿ ಎಂದಿದ್ದರೆ ಮೊದಲನೆಯದು ಅಗ್ಗವಾಗಿ ಕಾಣುತ್ತದೆ. ಗ್ರಾಂ ಲೆಕ್ಕದಲ್ಲಿ ಅದು 48 ಪೈಸೆ, ಎರಡನೆಯದು 45 ಪೈಸೆ. ಈ ಹೋಲಿಕೆಯನ್ನು ಸುಲಭಗೊಳಿಸುವ ಸಲುವಾಗಿಯೇ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳ) ನಿಯಮಗಳು, 2011ಕ್ಕೆ 2021ರಲ್ಲಿ ತಿದ್ದುಪಡಿ ತಂದು, ಗ್ರಾಂ, ಕಿಲೋಗ್ರಾಂ, ಮಿಲಿಲೀಟರ್ ಅಥವಾ ಲೀಟರಿಗೆ ತಗಲುವ ಬೆಲೆಯನ್ನು ಪೊಟ್ಟಣದ ಮೇಲೆ ನಮೂದಿಸಲು ಅವಕಾಶ ಕಲ್ಪಿಸಲಾಗಿದೆ. ಎಂ.ಆರ್.ಪಿ.ಯ ಸಮೀಪದಲ್ಲಿ ಸಣ್ಣ ಅಕ್ಷರಗಳಲ್ಲಿರುವ ಈ ಅಂಕಿಯನ್ನು ಗ್ರಾಹಕರು ಗಮನಿಸುವುದು ಒಳಿತು.

ಸದಸ್ಯತ್ವ ಪಡೆದ ಮೇಲೆ ಲೆಕ್ಕ ತಪ್ಪುವುದು ಬಹುತೇಕ ಹೆಚ್ಚುವರಿ ಖರೀದಿಯಿಂದ. ಶುಲ್ಕ ಕಟ್ಟಿದ ಬಳಿಕ ಅದನ್ನು ವಸೂಲಿ ಮಾಡಿಕೊಳ್ಳಬೇಕೆಂಬ ಭಾವನೆ ಮೂಡುವುದು ಸಹಜ, ಮತ್ತು ಯೋಜನೆಯನ್ನು ರೂಪಿಸಿದವರು ಇದನ್ನು ಬಲ್ಲರು. ನಿಜವಾದ ವ್ಯತ್ಯಾಸ ಶೇಕಡಾ 2 ಇರುವಲ್ಲಿ, ಬೇಕಿಲ್ಲದ 100 ರೂಪಾಯಿಯ ಒಂದು ವಸ್ತುವನ್ನು ಕೊಂಡರೆ 5,000 ರೂಪಾಯಿಯ ಖರೀದಿಯ ಉಳಿತಾಯ ಅಳಿಸಿಹೋಗುತ್ತದೆ. ಇದನ್ನು ಪತ್ತೆಹಚ್ಚಲು ಬಿಲ್ಲಿನ ಉಳಿತಾಯದ ಸಾಲನ್ನು ನೋಡದೆ, ಮನೆಯ ಒಟ್ಟು ದಿನಸಿ ಖರ್ಚನ್ನು ಕಳೆದ ವರ್ಷದ ಅದೇ ತಿಂಗಳುಗಳ ಖರ್ಚಿನೊಂದಿಗೆ ಹೋಲಿಸಬೇಕು. ದರ ಏರಿಕೆಯನ್ನು ಗಣನೆಗೆ ತೆಗೆದುಕೊಂಡ ಮೇಲೂ ಖರ್ಚು ಏರಿದ್ದು, ಕಪಾಟಿನಲ್ಲಿ ತೆರೆಯದ ಪೊಟ್ಟಣಗಳು ಹೆಚ್ಚಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕಾಗಿಲ್ಲ.

ಅಂಕಗಳ ಕಾರ್ಡ್

ಅಂಕಗಳ ಕಾರ್ಡಿಗೆ ಸಾಮಾನ್ಯವಾಗಿ ಶುಲ್ಕವಿರುವುದಿಲ್ಲವಾದ್ದರಿಂದ ನಷ್ಟದ ಭಯ ಕಡಿಮೆ. ಆದರೆ ಅಂಕಗಳನ್ನು ನಂಬಿ ಹೆಚ್ಚು ಬೆಲೆಯ ಅಂಗಡಿಗೆ ಹೋಗುವುದು ನಷ್ಟಕ್ಕೆ ದಾರಿಯಾಗುತ್ತದೆ. ಪ್ರತಿ 100 ರೂಪಾಯಿಗೆ ಒಂದು ಅಂಕ, ಪ್ರತಿ ಅಂಕಕ್ಕೆ 60 ಪೈಸೆ ಎಂದಿದ್ದರೆ ಅದು ಶೇಕಡಾ 0.6ರ ರಿಯಾಯಿತಿ. ಹತ್ತಿರದ ಅಂಗಡಿಯವರು ಬಿಡುವ ಶೇಕಡಾ 3ಕ್ಕೆ ಇದು ಸಾಟಿಯಲ್ಲ.

ಕನಿಷ್ಠ ಅಂಕಗಳ ಷರತ್ತು ಮತ್ತು ಅವಧಿಯ ಷರತ್ತು ಎರಡನ್ನೂ ಕೂಡಿಸಿ ನೋಡಬೇಕು. 300 ಅಂಕಗಳಾದ ಮೇಲಷ್ಟೇ ಬಳಸಬಹುದು, ಪ್ರತಿ ಅಂಕವೂ ಜಮಾ ಆದ 12 ತಿಂಗಳಿಗೆ ರದ್ದಾಗುತ್ತದೆ ಎಂಬ ಷರತ್ತುಗಳಿವೆ ಎಂದು ಭಾವಿಸೋಣ. ತಿಂಗಳಿಗೆ 2,600 ರೂಪಾಯಿಯ ಖರೀದಿಯನ್ನು ಒಂದೇ ಬಿಲ್ಲಿನಲ್ಲಿ ಮಾಡುವ ಕುಟುಂಬಕ್ಕೆ 26 ಅಂಕಗಳಂತೆ ವರ್ಷಕ್ಕೆ 312 ಅಂಕಗಳು ಸೇರುತ್ತವೆ. 180 ರೂಪಾಯಿಗೂ ಸ್ವಲ್ಪ ಹೆಚ್ಚಿನ ಮೊತ್ತ ದೊರೆಯುತ್ತದೆ. ಅಷ್ಟೇ ಖರೀದಿಯನ್ನು 325 ರೂಪಾಯಿಯ ಎಂಟು ಬಿಲ್ಲುಗಳಲ್ಲಿ ಮಾಡುವ ಕುಟುಂಬಕ್ಕೆ ಪ್ರತಿ ಬಿಲ್ಲಿನ ಕೊನೆಯ 25 ರೂಪಾಯಿಗೆ ಅಂಕ ದೊರೆಯುವುದಿಲ್ಲ. ತಿಂಗಳಿಗೆ 24ರಂತೆ ವರ್ಷಕ್ಕೆ 288 ಅಂಕಗಳಾಗುತ್ತವೆ. ಹದಿಮೂರನೆಯ ತಿಂಗಳಿನಲ್ಲಿ ಹೊಸ ಅಂಕಗಳು ಸೇರುವಾಗ ಮೊದಲ ತಿಂಗಳ ಅಂಕಗಳು ರದ್ದಾಗಿರುತ್ತವೆ. ಹೀಗೆ ಆ ಕುಟುಂಬವು 300ರ ಗಡಿಯನ್ನು ಎಂದಿಗೂ ಮುಟ್ಟುವುದಿಲ್ಲ.

ಕಾರ್ಡಿಗಾಗಿ ನೀಡುವ ಮೊಬೈಲ್ ಸಂಖ್ಯೆಯೂ ಒಂದು ಬಗೆಯ ಬೆಲೆಯೇ. ಬಿಲ್ ಮಾಡಲು ಮೊಬೈಲ್ ಸಂಖ್ಯೆ ಕಡ್ಡಾಯವೆಂದು ಒತ್ತಾಯಿಸದಂತೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಮೇ ತಿಂಗಳಿನಲ್ಲಿ ಚಿಲ್ಲರೆ ವ್ಯಾಪಾರಿಗಳಿಗೆ ಸಲಹಾ ಸೂಚನೆ ನೀಡಿದೆ. ಅಂಕಗಳು ಬೇಡವೆನ್ನುವ ಗ್ರಾಹಕರು ಸಂಖ್ಯೆ ನೀಡದೆಯೇ ಬಿಲ್ ಪಡೆಯಬಹುದು.

ಕೂಪನ್‌ಗಳು

"2,000 ರೂಪಾಯಿಯ ಖರೀದಿಗೆ 500 ರೂಪಾಯಿಯ ಕೂಪನ್ ಉಚಿತ" ಎಂಬ ಫಲಕವನ್ನು ನೋಡಿದವರಿಗೆ ಶೇಕಡಾ 25ರ ರಿಯಾಯಿತಿ ಎನಿಸುತ್ತದೆ. ಕೂಪನ್‌ನ ಹಿಂಬದಿಯಲ್ಲಿ, 100 ರೂಪಾಯಿಯ ಐದು ಚೀಟಿಗಳಾಗಿ ನೀಡಲಾಗುವುದು, ಪ್ರತಿ ಚೀಟಿಯನ್ನು 1,000 ರೂಪಾಯಿಯ ಬಿಲ್ಲಿಗೆ ಒಂದರಂತೆ ಬಳಸತಕ್ಕದ್ದು ಎಂದಿದ್ದರೆ ಐದನ್ನೂ ಬಳಸಲು ಇನ್ನೂ 5,000 ರೂಪಾಯಿಯ ಖರೀದಿ ಮಾಡಬೇಕು. ಒಟ್ಟು 7,000 ರೂಪಾಯಿಯ ಖರೀದಿಗೆ 500 ರೂಪಾಯಿ ಎಂದರೆ ರಿಯಾಯಿತಿ ಶೇಕಡಾ 7ರ ಆಸುಪಾಸು. ಚೀಟಿಗಳ ಅವಧಿ 30 ದಿನ ಮಾತ್ರವಿದ್ದು, ಕುಟುಂಬದ ಖರೀದಿ ತಿಂಗಳಿಗೆ 2,600 ರೂಪಾಯಿಯೇ ಆಗಿದ್ದರೆ ಎರಡು ಚೀಟಿಗಳು ಬಳಕೆಯಾಗಿ ಮೂರು ವ್ಯರ್ಥವಾಗುತ್ತವೆ. ಆಗ 4,600 ರೂಪಾಯಿಗೆ 200 ರೂಪಾಯಿ, ಅಂದರೆ ಶೇಕಡಾ 4.3. ಹತ್ತಿರದ ಅಂಗಡಿಯ ಶೇಕಡಾ 3ಕ್ಕಿಂತ ಇದು ಹೆಚ್ಚೇ, ಆದ್ದರಿಂದ ಸಿಕ್ಕ ಚೀಟಿಯನ್ನು ಬಳಸದೆ ಬಿಡಬೇಕಾಗಿಲ್ಲ. ಚೀಟಿ ಮುಗಿಸುವ ಸಲುವಾಗಿ ಬಿಲ್ಲನ್ನು ಹಿಗ್ಗಿಸುವುದು ಮಾತ್ರ ಬೇಡ. ಹಿಗ್ಗಿಸಲೇಬೇಕೆಂದಿದ್ದರೆ ಸಾಬೂನು, ಬಟ್ಟೆ ತೊಳೆಯುವ ಪುಡಿಯಂತಹ, ಕೆಡದ ಮತ್ತು ಹೇಗಿದ್ದರೂ ಮುಂದಿನ ತಿಂಗಳು ಬೇಕಾಗುವ ವಸ್ತುಗಳನ್ನು ಆರಿಸಬೇಕು. ಆಪ್‌ನ ವಾಲೆಟ್‌ಗೆ ಜಮಾ ಮಾಡಲಾಗುವ ಕ್ಯಾಶ್‌ಬ್ಯಾಕ್ ಮೊತ್ತವನ್ನೂ, ಅದು ಅಲ್ಲಿಯೇ ಖರ್ಚಾಗಬೇಕಾದ್ದರಿಂದ, ಹಣವೆಂದು ಪರಿಗಣಿಸದೆ ಕೂಪನ್ ಎಂದೇ ಪರಿಗಣಿಸಬೇಕು.

ನವೀಕರಣ ಮತ್ತು ದೂರು

ಆನ್‌ಲೈನ್ ಮೂಲಕ ಪಡೆದ ಸದಸ್ಯತ್ವಗಳಲ್ಲಿ ಅವಧಿ ಮುಗಿದಾಗ ಬ್ಯಾಂಕ್ ಖಾತೆ ಅಥವಾ ಕಾರ್ಡಿನಿಂದ ಶುಲ್ಕ ತಾನಾಗಿಯೇ ಕಡಿತಗೊಳ್ಳುವ ವ್ಯವಸ್ಥೆ ಇರಬಹುದು. ಭಾರತೀಯ ರಿಸರ್ವ್ ಬ್ಯಾಂಕಿನ ಸೂಚನೆಗಳಂತೆ ಇಂತಹ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚಿತವಾಗಿ ಗ್ರಾಹಕರಿಗೆ ಸಂದೇಶ ಬರಬೇಕು, ಮತ್ತು ಆ ಕಡಿತವನ್ನು ನಿಲ್ಲಿಸುವ ಅವಕಾಶವಿರಬೇಕು. ಈ ಸಂದೇಶವನ್ನು ಜಾಹೀರಾತಿನ ಸಂದೇಶವೆಂದು ತಿಳಿದು ಅಳಿಸಿಹಾಕುವವರು ಅನೇಕರು. ಸದಸ್ಯತ್ವ ಪಡೆದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಮುಕ್ತಾಯದ ದಿನಾಂಕವನ್ನು ಗುರುತು ಮಾಡಿಕೊಳ್ಳುವುದು ಇದಕ್ಕಿಂತ ಭದ್ರವಾದ ಕ್ರಮ.

ಗ್ರಾಹಕರು ಆರಿಸದಿದ್ದರೂ ಖರೀದಿಯ ಪಟ್ಟಿಗೆ ಸದಸ್ಯತ್ವ ಶುಲ್ಕವನ್ನು ಸೇರಿಸುವುದು, ಸದಸ್ಯತ್ವ ರದ್ದುಪಡಿಸುವ ದಾರಿಯನ್ನು ಸುತ್ತುಬಳಸಾಗಿಸುವುದು ಮುಂತಾದವನ್ನು 2023ರ ನವೆಂಬರ್ 30ರಂದು ಹೊರಡಿಸಲಾದ ಕೇಂದ್ರದ ಮಾರ್ಗಸೂಚಿಗಳು 'ಡಾರ್ಕ್ ಪ್ಯಾಟರ್ನ್' ಎಂದು ಹೆಸರಿಸಿ ನಿಷೇಧಿಸಿವೆ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ಖರೀದಿಗೆ ಬಿಲ್ ನೀಡದಿರುವುದು ಹಾಗೂ ನೀಡುವ ಉದ್ದೇಶವಿಲ್ಲದೆ ಉಡುಗೊರೆ ಅಥವಾ ಕೊಡುಗೆಯನ್ನು ಪ್ರಕಟಿಸುವುದು ಅನುಚಿತ ವ್ಯಾಪಾರ ಪದ್ಧತಿಗಳಾಗಿವೆ. ಜಮಾ ಆದ ಅಂಕಗಳನ್ನು ನಿರಾಕರಿಸಿದಾಗ, ಶುಲ್ಕ ಪಡೆದ ಮೇಲೆ ಹೇಳಿದ ರಿಯಾಯಿತಿ ನೀಡದಿದ್ದಾಗ ಗ್ರಾಹಕರು ಮೊದಲು ಮಳಿಗೆಯ ವ್ಯವಸ್ಥಾಪಕರಿಗೆ ಲಿಖಿತವಾಗಿ ತಿಳಿಸಬೇಕು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಬಳಿಕ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ವಸ್ತು ಅಥವಾ ಸೇವೆಗೆ ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದ ದೂರುಗಳಿಗೆ ಆಯೋಗದಲ್ಲಿ ಶುಲ್ಕವಿರುವುದಿಲ್ಲ.

ದೂರಿನೊಂದಿಗೆ ಶುಲ್ಕ ಪಾವತಿಯ ರಸೀದಿ, ಸಂಬಂಧಿಸಿದ ಬಿಲ್ಲುಗಳು ಮತ್ತು ಸದಸ್ಯತ್ವ ಪಡೆದ ದಿನ ಜಾರಿಯಲ್ಲಿದ್ದ ಷರತ್ತುಗಳ ಪ್ರತಿ ಇರಬೇಕು. ಷರತ್ತುಗಳನ್ನು ಮಳಿಗೆಯವರು ಆಗಾಗ್ಗೆ ಬದಲಾಯಿಸುವುದರಿಂದ ಹಣ ಕಟ್ಟುವ ದಿನವೇ ಆ ಪುಟದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳತಕ್ಕದ್ದು. ಬಿಲ್ಲುಗಳನ್ನು ಶಾಖದ ಕಾಗದದಲ್ಲಿ ಮುದ್ರಿಸುವುದರಿಂದ ಅಕ್ಷರಗಳು ಕೆಲವೇ ತಿಂಗಳುಗಳಲ್ಲಿ ಮಾಸಿಹೋಗುತ್ತವೆ; ಅವುಗಳ ಚಿತ್ರವನ್ನೂ ಇಟ್ಟುಕೊಳ್ಳುವುದು ಅವಶ್ಯ.